ಎತ್ತರದ ಸಾಲಿನಲ್ಲಿ ಒಂದು ಜಾಗಕ್ಕೆ ಒಬ್ಬರೇ

"ಯಾರಾದರೂ 24 ಮಕ್ಕಳನ್ನು ಆರಿಸಿ ಕೊಡಿ ಮೇಷ್ಟ್ರೇ, ಒಂದು ಪುಟ ಓದಿಸಿ ನೋಡಬೇಕು" ಎಂದು ಓದುವ ಸಾಮರ್ಥ್ಯದ ಸಮೀಕ್ಷೆಗೆ ಬಂದವರು ಕೇಳಿದರು. ನಮ್ಮ ಪ್ರೌಢಶಾಲೆಯಲ್ಲಿ ಆಗ 240 ಮಕ್ಕಳಿದ್ದರು. ಎಂಟನೇ ತರಗತಿಯಲ್ಲಿ 90, ಒಂಬತ್ತರಲ್ಲಿ 80, ಹತ್ತರಲ್ಲಿ 70. ಹಾಜರಿ ಪುಸ್ತಕ ತೆರೆದು, ಮನಸ್ಸಿಗೆ ಬಂದ ಹೆಸರುಗಳ ಮುಂದೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ಪಟ್ಟಿಯನ್ನು ಕೊಡುವ ಮುನ್ನ ಮತ್ತೊಮ್ಮೆ ಓದಿದಾಗ ನನಗೇ ನಾಚಿಕೆಯಾಯಿತು. ಗುರುತು ಬಿದ್ದವರಲ್ಲಿ ಮುಕ್ಕಾಲು ಪಾಲು ನಾನು ಪ್ರಶ್ನೆ ಕೇಳಿದರೆ ಕೈ ಎತ್ತುವವರು, ಇಲ್ಲವೇ ದಿನಾ ಬೈಸಿಕೊಳ್ಳುವವರು. ಸದ್ದಿಲ್ಲದೆ ಗೋಡೆಯ ಪಕ್ಕ ಕೂರುವ ನಡುವಣ ಮಕ್ಕಳ ಹೆಸರು ಒಂದೂ ಇರಲಿಲ್ಲ. ನನಗೆ ನೆನಪಿದ್ದವರನ್ನು ಆರಿಸಿದ್ದೆನೇ ಹೊರತು 'ಯಾರಾದರೂ' ಅಂದವರನ್ನಲ್ಲ.

ಪಕ್ಕದಲ್ಲಿದ್ದ ಸಮಾಜ ವಿಜ್ಞಾನದ ಮೇಡಂ ಚೀಟಿ ಹಾಕಿ ಎತ್ತೋಣ ಎಂದರು. ಚೀಟಿ ಒಳ್ಳೆಯದೇ, ಆದರೆ 240 ಚೀಟಿ ಬರೆದು ಮಡಚಬೇಕು, ಮೇಲಾಗಿ ಚೆನ್ನಾಗಿ ಕಲೆಸಬೇಕು. ಈ ಕಲೆಸುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1969ರ ಡಿಸೆಂಬರ್ 1ರಂದು ಅಮೆರಿಕದಲ್ಲಿ ಯಾವ ದಿನ ಹುಟ್ಟಿದ ಯುವಕರನ್ನು ಮೊದಲು ಸೈನ್ಯಕ್ಕೆ ಕರೆಯಬೇಕೆಂದು ಹೀಗೆಯೇ ಎತ್ತಿ ತೀರ್ಮಾನಿಸಿದರು. ವರ್ಷದ 366 ದಿನಾಂಕಗಳನ್ನು ಪ್ಲಾಸ್ಟಿಕ್ ಗುಳಿಗೆಗಳಲ್ಲಿ ಹಾಕಿ ಗಾಜಿನ ಜಾಡಿಯಿಂದ ಒಂದೊಂದಾಗಿ ಹೊರತೆಗೆದರು. ತಿಂಗಳಿನ ಕ್ರಮದಲ್ಲಿ ತುಂಬಿಸಿ ಸರಿಯಾಗಿ ಕಲೆಸದೆ ಇದ್ದುದರಿಂದ ವರ್ಷದ ಕೊನೆಯ ತಿಂಗಳುಗಳು ಬೇಗ ಬೇಗ ಕೈಗೆ ಸಿಕ್ಕವು. ಎಲ್ಲ ತಿಂಗಳಿಗೂ ಸರಾಸರಿ ಸರದಿ 183ರ ಆಸುಪಾಸು ಬರಬೇಕಿತ್ತು. ಡಿಸೆಂಬರಿನ ಸರಾಸರಿ ಸುಮಾರು 121 ಬಂತು. ವಿಯೆಟ್ನಾಂ ಯುದ್ಧದ ಕಾಲ ಅದು, ಬೇಗ ಬಂದ ಸರದಿ ಯಾರಿಗೂ ತಮಾಷೆಯಾಗಿರಲಿಲ್ಲ.

ಕಚೇರಿ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು, ಅದರಲ್ಲಿ ಹಳೆಯ ಎಕ್ಸೆಲ್ ಇತ್ತು, ಮಕ್ಕಳ ಹೆಸರಿನ ಪಟ್ಟಿಯೂ ಸಿದ್ಧವಿತ್ತು. ಅಲ್ಲಿಗೆ ಹೋಗಿ ಕುಳಿತೆ. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವ ದಾರಿ. 1ರಿಂದ 240ರ ಒಳಗೆ ಯಾವುದಾದರೂ ಒಂದು ಸಂಖ್ಯೆ ಕೊಡು ಎಂದು ಎಕ್ಸೆಲ್‌ಗೆ ಹೇಳುವುದು, ಅದನ್ನೇ 24 ಮನೆಗಳಿಗೆ ಎಳೆಯುವುದು.

```
=RANDBETWEEN(1,240)
```

24 ಸಂಖ್ಯೆಗಳು ಬಂದವು. ಅವುಗಳಲ್ಲಿ 117 ಎರಡು ಸಲ ಇತ್ತು. ಇದು ನನ್ನ ದುರದೃಷ್ಟವಲ್ಲ. ಈ ಸೂತ್ರ ಪ್ರತಿ ಸಲವೂ ಹಿಂದಿನದನ್ನು ಮರೆತು ಹೊಸದಾಗಿ ಎತ್ತುತ್ತದೆ, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೆ ಹಾಕಿದ ಹಾಗೆ. 240ರಲ್ಲಿ 24 ಅಂದರೆ ಹತ್ತಕ್ಕೊಂದು ಮಾತ್ರ, ಇಷ್ಟು ವಿರಳವಾಗಿ ಎತ್ತುವಾಗ ಒಂದೇ ಸಂಖ್ಯೆ ಎರಡು ಸಲ ಬರುವುದು ಅಪರೂಪ ಎಂದು ಅನಿಸುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಎರಡನೆಯ ಸಂಖ್ಯೆ ಮೊದಲನೆಯದನ್ನು ಮಾತ್ರ ತಪ್ಪಿಸಿಕೊಂಡರೆ ಸಾಕು, ಇಪ್ಪತ್ನಾಲ್ಕನೆಯದು ಆಗಲೇ ಬಂದಿರುವ 23ನ್ನೂ ತಪ್ಪಿಸಿಕೊಳ್ಳಬೇಕು. ಹೀಗೆ ಒಂದೊಂದನ್ನೂ ಗುಣಿಸುತ್ತಾ ಹೋದರೆ 24ಕ್ಕೆ 24ನ್ನೂ ಬೇರೆ ಬೇರೆಯಾಗಿ ಪಡೆಯುವ ಸಾಧ್ಯತೆ ಶೇ. 30ರಷ್ಟು ಮಾತ್ರ ಉಳಿಯುತ್ತದೆ. ಹತ್ತು ಸಲ ಮಾಡಿದರೆ ಏಳು ಸಲ ಯಾರೋ ಒಬ್ಬರ ಹೆಸರು ಎರಡು ಸಲ ಬಂದೇ ಬರುತ್ತದೆ.

ಇರಲಿ, ಎರಡನೆಯ 117ನ್ನು ಅಳಿಸಿ ಅಲ್ಲಿ ಹೊಸದಾಗಿ ಒಂದನ್ನು ಬರಿಸೋಣ ಎಂದು ಆ ಮನೆಯಲ್ಲಿ ಸೂತ್ರವನ್ನು ಮತ್ತೆ ಟೈಪ್ ಮಾಡಿ ಎಂಟರ್ ಒತ್ತಿದೆ. ಇಡೀ ಕಾಲಂ ಬದಲಾಯಿತು. ಈಗ 117 ಎಲ್ಲೂ ಇರಲಿಲ್ಲ, ಆದರೆ 58 ಎರಡು ಸಲ, 203 ಎರಡು ಸಲ. ಹಾಳೆಯಲ್ಲಿ ಎಲ್ಲಿ ಏನನ್ನು ಬದಲಿಸಿದರೂ ಎಕ್ಸೆಲ್ ತನ್ನ ಯಾದೃಚ್ಛಿಕ ಸಂಖ್ಯೆಗಳನ್ನೆಲ್ಲ ಹೊಸದಾಗಿ ಎತ್ತುತ್ತದೆ. ಒಂದು ತೂತು ಮುಚ್ಚಿದರೆ ಎರಡು ತೂತು ಬೀಳುವ ಮಡಕೆ.

ಇಲ್ಲಿ ಯೋಚನೆಯನ್ನೇ ತಿರುಗಿಸಬೇಕು. ಸಂಖ್ಯೆಗಳನ್ನು ಎತ್ತಿ ಮಕ್ಕಳನ್ನು ಹುಡುಕುವ ಬದಲು, ಎಲ್ಲ ಮಕ್ಕಳ ಕೈಗೂ ಒಂದೊಂದು ಸಂಖ್ಯೆ ಕೊಟ್ಟು ಅವರನ್ನೇ ಸಾಲಾಗಿ ನಿಲ್ಲಿಸಬೇಕು.

ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಎತ್ತರದ ಪ್ರಕಾರ ನಿಲ್ಲುವುದನ್ನು ನೆನಪಿಸಿಕೊಳ್ಳಿ. ಪಿ.ಟಿ. ಮೇಷ್ಟ್ರು ಸೀಟಿ ಊದಿದರೆ ಸಾಕು, ಪ್ರತಿಯೊಬ್ಬರೂ ತಮಗಿಂತ ಎತ್ತರದವರು ಎಷ್ಟು ಮಂದಿ ಎಂದು ನೋಡಿಕೊಂಡು ತಮ್ಮ ಜಾಗ ಹಿಡಿಯುತ್ತಾರೆ. ಸಾಲಿನಲ್ಲಿ ಒಂದನೆಯ ಜಾಗ ಒಂದೇ, ಎರಡನೆಯದೂ ಒಂದೇ. ಇಬ್ಬರು ಒಂದೇ ಜಾಗದಲ್ಲಿ ನಿಲ್ಲುವಂತಿಲ್ಲ, ಒಬ್ಬನೇ ಎರಡು ಜಾಗದಲ್ಲೂ ನಿಲ್ಲುವಂತಿಲ್ಲ. ಈಗ ಎತ್ತರ ಎಂಬುದು ಹುಟ್ಟಿನಿಂದ ಬಂದದ್ದಲ್ಲ, ಇವತ್ತು ಬೆಳಿಗ್ಗೆ ಗೇಟಿನಲ್ಲಿ ಯಾರಿಗೋ ಏನೋ ಎಂಬಂತೆ ಹಂಚಿದ್ದು ಎಂದುಕೊಳ್ಳಿ. ಆ ಎತ್ತರದ ಪ್ರಕಾರ ನಿಂತ ಸಾಲಿನ ಮೊದಲ 24 ಮಂದಿಯನ್ನು ಕರೆದುಕೊಂಡರೆ ಕೆಲಸ ಮುಗಿಯಿತು. ಎತ್ತರ ಹಂಚುವುದು RAND, ಸಾಲಿನಲ್ಲಿ ನಿಲ್ಲಿಸುವುದು RANK.

ನನ್ನ ಹಾಳೆ ಹೀಗಿತ್ತು. A ಕಾಲಂನಲ್ಲಿ ಕ್ರಮಸಂಖ್ಯೆ, Bಯಲ್ಲಿ ಹೆಸರು, Cಯಲ್ಲಿ ತರಗತಿ. ಮೊದಲ ಸಾಲು ತಲೆಬರಹಕ್ಕೆ ಹೋಗಿದ್ದರಿಂದ ಮಕ್ಕಳು 2ನೇ ಸಾಲಿನಿಂದ 241ನೇ ಸಾಲಿನವರೆಗೆ ಇದ್ದರು. D2ರಲ್ಲಿ ಮೊದಲ ಸೂತ್ರ, E2ರಲ್ಲಿ ಎರಡನೆಯದು:

```
=RAND()
=RANK(D2,$D$2:$D$241)
```

RAND ಆವರಣದೊಳಗೆ ಏನನ್ನೂ ಕೇಳುವುದಿಲ್ಲ. ಸೊನ್ನೆಯಿಂದ ಹಿಡಿದು ಒಂದಕ್ಕಿಂತ ಕಡಿಮೆ ಇರುವ ಒಂದು ದಶಮಾಂಶವನ್ನು ಕೊಡುತ್ತದೆ. RANK ಮಾತ್ರ ಎರಡು ವಿಷಯ ಕೇಳುತ್ತದೆ: ಯಾರ ಜಾಗ ಬೇಕು, ಯಾವ ಗುಂಪಿನಲ್ಲಿ ಬೇಕು. ಬೇರೇನೂ ಹೇಳದಿದ್ದರೆ ಅತಿ ದೊಡ್ಡ ಸಂಖ್ಯೆಗೆ 1ನೇ ಸ್ಥಾನ ಕೊಡುತ್ತದೆ. ಎರಡೂ ಸೂತ್ರಗಳನ್ನು 241ನೇ ಸಾಲಿನವರೆಗೆ ಎಳೆದರೆ Eಯಲ್ಲಿ 1ರಿಂದ 240ರವರೆಗಿನ ಎಲ್ಲ ಸಂಖ್ಯೆಗಳೂ ಒಂದೊಂದೇ ಸಲ, ಆದರೆ ಚೆಲ್ಲಾಪಿಲ್ಲಿಯಾಗಿ ಕೂತಿರುತ್ತವೆ.

ಆರು ಮಕ್ಕಳ ಮೇಲೆ ಇದನ್ನು ಕೈಯಲ್ಲೇ ಮಾಡಿ ನೋಡಬಹುದು. ಅನಿತಾಗೆ 0.41 ಬಂತು, ಬಸವರಾಜನಿಗೆ 0.90, ಚೈತ್ರಾಗೆ 0.15, ದಾದಾಪೀರನಿಗೆ 0.66, ಗಂಗಾಗೆ 0.77, ಹನುಮಂತನಿಗೆ 0.08 ಎಂದುಕೊಳ್ಳಿ. ಎಲ್ಲರಿಗಿಂತ ದೊಡ್ಡದು ಬಸವರಾಜನದು, ಅವನು ಒಂದನೆಯವನು. ಗಂಗಾ ಎರಡು, ದಾದಾಪೀರ ಮೂರು, ಅನಿತಾ ನಾಲ್ಕು, ಚೈತ್ರಾ ಐದು, ಹನುಮಂತ ಆರು. ಮೂವರು ಬೇಕಿದ್ದರೆ ಬಸವರಾಜ, ಗಂಗಾ, ದಾದಾಪೀರ. ಹಾಜರಿ ಪಟ್ಟಿಯ ಕ್ರಮ ಒಂದಿಷ್ಟೂ ಕದಲಿಲ್ಲ, ಪ್ರತಿ ಹೆಸರಿನ ಪಕ್ಕ ಅದರ ಸರದಿ ಮಾತ್ರ ಬಂದು ಕೂತಿತು.

ಕ್ರಮ ಕದಲದಿರುವುದೇ ಈ ವಿಧಾನ ನನಗೆ ಹಿಡಿಸಲು ಕಾರಣ. RAND ಕಾಲಂ ಹಾಕಿ ಇಡೀ ಪಟ್ಟಿಯನ್ನೇ ಸಾರ್ಟ್ ಮಾಡುವುದು ಇನ್ನೊಂದು ದಾರಿ, ಅದೂ ಸರಿಯಾದದ್ದೇ. ಆದರೆ ಅವಸರದಲ್ಲಿ ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದಿರೋ, ಒಬ್ಬರ ಹೆಸರಿಗೆ ಇನ್ನೊಬ್ಬರ ತರಗತಿ ಅಂಟಿಕೊಂಡಿತು. ಆಮೇಲೆ ಅದನ್ನು ಬಿಡಿಸುವುದಕ್ಕೆ ಒಂದು ಭಾನುವಾರ ಬೇಕು.

ಆರಿಸಿದವರ ಹೆಸರು ಒಂದೆಡೆ ಬರಲಿ ಎಂದು Gಯಲ್ಲಿ 1ರಿಂದ 24ರವರೆಗೆ ಬರೆದುಕೊಂಡು H2ರಲ್ಲಿ ಹೀಗೆ ಹಾಕಿದೆ:

```
=INDEX($B$2:$B$241,MATCH(G2,$E$2:$E$241,0))
```

MATCH ಎಂಬುದು 1ನೇ ಸರದಿಯವರು ಪಟ್ಟಿಯ ಎಷ್ಟನೆಯ ಸಾಲಿನಲ್ಲಿದ್ದಾರೆ ಎಂದು ಹುಡುಕುತ್ತದೆ, INDEX ಆ ಸಾಲಿನ ಹೆಸರನ್ನು ಎತ್ತಿಕೊಡುತ್ತದೆ. 24ನೇ ಸರದಿಯವರೆಗೆ ಎಳೆದರೆ ಪಟ್ಟಿ ತಯಾರು. ನನಗೆ ಮೊದಲ ಸಲ ಹೆಸರಿನ ಜಾಗದಲ್ಲಿ ಒಂದು ಕಡೆ 0 ಬಂತು. ಹುಡುಕಿದರೆ, ಟಿ.ಸಿ. ತೆಗೆದುಕೊಂಡು ಹೋದ ಒಬ್ಬ ಹುಡುಗನ ಹೆಸರು ಅಳಿಸಿದ್ದರೂ ಅವನ ಸಾಲು ಹಾಗೇ ಉಳಿದಿತ್ತು. RANDಗೆ ಹೆಸರಿನ ಗೊಡವೆಯಿಲ್ಲ, ಖಾಲಿ ಸಾಲಿಗೂ ಅದು ಸಂಖ್ಯೆ ಹಂಚುತ್ತದೆ. ಆ ವಾರವಷ್ಟೇ ಸೇರಿದ ಒಬ್ಬ ಹುಡುಗಿ ಪಟ್ಟಿಯಲ್ಲೇ ಇರಲಿಲ್ಲ. ಖಾಲಿ ಸಾಲಿನಲ್ಲಿ ಅವಳ ಹೆಸರು ಬರೆದ ಮೇಲೆ 240 ನಿಜವಾಗಿಯೂ 240 ಆಯಿತು. ಪಟ್ಟಿಯಲ್ಲಿ ಇಲ್ಲದವರ ಸರದಿ ಯಾವ ಸೂತ್ರದಿಂದಲೂ ಬರುವುದಿಲ್ಲ.

ಈ ಸೂತ್ರದಲ್ಲಿ ಕಣ್ಣಿಗೆ ಸಣ್ಣದಾಗಿ ಕಂಡು ದೊಡ್ಡ ಅನಾಹುತ ಮಾಡುವುದು ಡಾಲರ್ ಚಿಹ್ನೆ. ನಮ್ಮಲ್ಲಿಗೆ ತರಬೇತಿಗೆ ಬಂದಿದ್ದ ಒಬ್ಬ ಯುವ ಶಿಕ್ಷಕ ಅದನ್ನು ಬಿಟ್ಟು ಬರೀ `=RANK(D2,D2:D241)` ಎಂದು ಬರೆದು ಎಳೆದಿದ್ದ. "ಸಾರ್, 24 ಕೇಳಿದರೆ 79 ಜನ ಬರ್ತಿದ್ದಾರೆ" ಎಂದು ಓಡಿ ಬಂದ. ಡಾಲರ್ ಇಲ್ಲದಿದ್ದರೆ ಸೂತ್ರ ಒಂದು ಸಾಲು ಕೆಳಗಿಳಿದಾಗ ಗುಂಪೂ ಒಂದು ಸಾಲು ಕೆಳಗೆ ಜಾರುತ್ತದೆ. ಮೊದಲ ಮಗುವನ್ನು 240 ಮಂದಿಯ ಜೊತೆ ಹೋಲಿಸಿದರೆ ಎರಡನೆಯದನ್ನು 239 ಮಂದಿಯ ಜೊತೆ, ಮೂರನೆಯದನ್ನು 238ರ ಜೊತೆ. ಕೊನೆಯ ಮಗುವಿನ ಗುಂಪಿನಲ್ಲಿ ಅದೊಂದೇ ಉಳಿದಿರುತ್ತದೆ, ಕೆಳಗಿನದೆಲ್ಲ ಖಾಲಿ ಮನೆ. ಒಬ್ಬನೇ ಓಡಿದ ಓಟದಲ್ಲಿ ಅವನೇ ಮೊದಲಿಗ. ಹೀಗೆ ಪಟ್ಟಿಯ ಕೊನೆಯ 24 ಮಕ್ಕಳು ಏನೇ ಆದರೂ 24ರೊಳಗೆ ಬರುತ್ತಾರೆ, ಅವರ ಮೇಲಿನವರಲ್ಲಿ ಇನ್ನೂ ಸುಮಾರು 55 ಮಂದಿ ಸೇರಿಕೊಳ್ಳುತ್ತಾರೆ. 79 ಎಂಬುದು ಅವನಿಗೆ ಆಕಸ್ಮಿಕವಾಗಿ ಬಂದದ್ದೇನಲ್ಲ, ಸರಾಸರಿ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಅವನು ಎಣಿಸಿ ನೋಡಿದ್ದರಿಂದ ಗೊತ್ತಾಯಿತು. INDEX ಮತ್ತು MATCH ಮೂಲಕ ನೇರವಾಗಿ ಹೆಸರು ತೆಗೆದಿದ್ದರೆ ಹೆಚ್ಚುಕಡಿಮೆ 24 ಹೆಸರುಗಳೂ ನೀಟಾಗಿ ಬಂದು ಕೂರುತ್ತಿದ್ದವು, ಏಕೆಂದರೆ MATCH ಮೊದಲು ಸಿಕ್ಕ 1, ಮೊದಲು ಸಿಕ್ಕ 2 ಎಂದು ತೃಪ್ತಿಪಟ್ಟುಕೊಳ್ಳುತ್ತದೆ. ಅದಕ್ಕೇ ಈಗ ನಾನು ಪಟ್ಟಿ ನೋಡುವ ಮೊದಲು E ಕಾಲಂ ಅನ್ನು ಒಂದು ಸಲ ಕೂಡಿಸುತ್ತೇನೆ:

```
=SUM(E2:E241)
```

1ರಿಂದ 240ರವರೆಗೆ ಕೂಡಿದರೆ 28920. ಅಷ್ಟೇ ಬಂದರೆ ಎಲ್ಲರಿಗೂ ಬೇರೆ ಬೇರೆ ಸರದಿ ಸಿಕ್ಕಿದೆ. ಇಬ್ಬರಿಗೆ ಒಂದೇ ಸಂಖ್ಯೆ ಬಂದಿದ್ದರೆ RANK ಇಬ್ಬರಿಗೂ ಒಂದೇ ಸ್ಥಾನ ಕೊಟ್ಟು ಮುಂದಿನ ಸ್ಥಾನವನ್ನು ಹಾರಿಸುತ್ತದೆ. ಏಳನೆಯವರು ಇಬ್ಬರಾದರೆ ಎಂಟನೆಯವರು ಇರುವುದಿಲ್ಲ, ಮೊತ್ತ ಒಂದು ಕಡಿಮೆಯಾಗುತ್ತದೆ.

ಹಾಗಾದರೆ RAND ಇಬ್ಬರಿಗೆ ಒಂದೇ ಸಂಖ್ಯೆ ಕೊಡುವುದಿಲ್ಲವೇ? ಕೊಡಬಾರದೆಂಬ ನಿಯಮವೇನೂ ಇಲ್ಲ. ಆದರೆ ಅದು ಕೊಡುವುದು ಹದಿನೈದರಷ್ಟು ದಶಮಾಂಶ ಸ್ಥಾನಗಳುಳ್ಳ ಸಂಖ್ಯೆ. ಮನೆಯಲ್ಲಿ 0.41 ಎಂದು ಎರಡೇ ಸ್ಥಾನ ತೋರಿಸಿದರೂ ಒಳಗೆ ಉಳಿದ ಬಾಲವೆಲ್ಲ ಇದ್ದೇ ಇರುತ್ತದೆ, RANK ಆ ಬಾಲವನ್ನೂ ನೋಡಿಯೇ ಹೋಲಿಸುತ್ತದೆ. 240 ಮಕ್ಕಳಲ್ಲಿ ಇಬ್ಬರ ಬಾಲ ಕೊನೆಯವರೆಗೂ ಒಂದೇ ಆಗಿರುವುದನ್ನು ನಾನಂತೂ ಕಂಡಿಲ್ಲ. ಅಪಾಯ ಬರುವುದು ನಾವೇ ಅಂದಗೊಳಿಸಲು ಹೋಗಿ `=ROUND(RAND(),2)` ಎಂದು ಬರೆದಾಗ. ಆಗ ನಿಜವಾಗಿಯೂ ಬಾಲ ಕತ್ತರಿಸಿಹೋಗುತ್ತದೆ. 0.00ರಿಂದ 1.00ರವರೆಗೆ ಇರುವುದು 101 ಎತ್ತರಗಳು, ನಿಲ್ಲಬೇಕಾದವರು 240 ಮಂದಿ.

ಇನ್ನು ನನ್ನ ಮುಖ ಕೆಂಪಾದ ಪ್ರಸಂಗ. ಬೆಳಿಗ್ಗೆ ಪಟ್ಟಿ ಪ್ರಿಂಟ್ ತೆಗೆದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೆ. ಮಧ್ಯಾಹ್ನ ಸಮೀಕ್ಷೆಯವರಿಗೆ ಇನ್ನೊಂದು ಪ್ರತಿ ಬೇಕೆಂದು ಅದೇ ಫೈಲ್ ತೆರೆದು ಮತ್ತೆ ಪ್ರಿಂಟ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಇಬ್ಬರೂ ಒಟ್ಟಿಗೆ ಬಂದರು, ಕೈಯಲ್ಲಿ ಎರಡು ಪಟ್ಟಿ, ಎರಡರಲ್ಲೂ ಇದ್ದ ಹೆಸರುಗಳು ಮೂರೇ ಮೂರು. "ಏನ್ರೀ ಇದು, ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು?" ಎಂದರು ಮುಖ್ಯೋಪಾಧ್ಯಾಯರು. 117ನ್ನು ತಿದ್ದಲು ಹೋದಾಗ ಕಂಡ ಅದೇ ಗುಣ. ಫೈಲ್ ತೆರೆದರೂ, F9 ಒತ್ತಿದರೂ, ಯಾವುದೋ ಮೂಲೆಯಲ್ಲಿ ದಿನಾಂಕ ಬರೆದರೂ ಎಕ್ಸೆಲ್ ಹೊಸದಾಗಿ ಎತ್ತರ ಹಂಚುತ್ತದೆ, ಸಾಲು ಪೂರ್ತಿ ಬದಲಾಗುತ್ತದೆ.

ಪರಿಹಾರ ಸರಳ. D ಕಾಲಂ ಪೂರ್ತಿ ಆರಿಸಿ ಕಾಪಿ ಮಾಡಿ, ಅದೇ ಜಾಗದ ಮೇಲೆ Paste Special ತೆರೆದು Values ಆರಿಸಿ ಅಂಟಿಸಬೇಕು. ಸೂತ್ರ ಹೋಗಿ ಸಂಖ್ಯೆ ಮಾತ್ರ ಉಳಿಯುತ್ತದೆ. ಹೀಗೆ ಮಾಡುವ ಕ್ಷಣದಲ್ಲಿ ಸಂಖ್ಯೆಗಳು ಇನ್ನೊಮ್ಮೆ ಬದಲಾದಂತೆ ಕಂಡರೆ ಗಾಬರಿ ಬೇಡ, ಅಂಟಿದ ಮೇಲೆ ಉಳಿದದ್ದೇ ಲೆಕ್ಕ. ಕೆಲವರು ಕೊನೆಯಲ್ಲಿ ಬಂದ 24 ಹೆಸರುಗಳನ್ನು ಮಾತ್ರ ಹೀಗೆ ಗಟ್ಟಿ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. RAND ಸಂಖ್ಯೆಗಳನ್ನೇ ಗಟ್ಟಿ ಮಾಡಿ, RANK ಸೂತ್ರವನ್ನು ಹಾಗೆಯೇ ಜೀವಂತ ಬಿಟ್ಟರೆ ನಾಳೆ ಯಾರಾದರೂ "ಇವಳೇ ಯಾಕೆ ಬಂದಳು" ಎಂದು ಕೇಳಿದಾಗ ಅವಳ ಸಂಖ್ಯೆ, ಅವಳಿಗಿಂತ ದೊಡ್ಡ ಸಂಖ್ಯೆಯವರು ಎಷ್ಟು ಮಂದಿ ಎಂಬುದನ್ನು ತೆರೆದು ತೋರಿಸಬಹುದು. ಬರೀ ಹೆಸರು ಉಳಿದಿದ್ದರೆ ಅದು ನನ್ನ ಪೆನ್ಸಿಲ್ ಪಟ್ಟಿಗಿಂತ ಭಿನ್ನ ಎಂದು ತೋರಿಸಲು ಏನೂ ಇರುವುದಿಲ್ಲ.

ಗಟ್ಟಿ ಮಾಡುವ ಮುನ್ನ ಇನ್ನೊಂದು ಆಸೆ ಕಾಡುತ್ತದೆ. ಅಂದು ಮುಖ್ಯೋಪಾಧ್ಯಾಯರು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಹೆಸರುಗಳು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. "ಇನ್ನೊಂದು ಸಲ ಒತ್ತಿ ನೋಡಿ" ಎಂದರು. ಒತ್ತಬಹುದು, ಎಕ್ಸೆಲ್ ಬೇಡ ಅನ್ನುವುದಿಲ್ಲ. ಆದರೆ ಇಷ್ಟವಾಗುವ ಪಟ್ಟಿ ಬರುವವರೆಗೆ F9 ಒತ್ತಿದರೆ ಕೊನೆಗೆ ಆರಿಸಿದ್ದು RAND ಅಲ್ಲ, ಒತ್ತುವುದನ್ನು ನಿಲ್ಲಿಸಿದ ಬೆರಳು. ಎಷ್ಟು ಸಲ ಒತ್ತುತ್ತೇವೆ ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಅದು ಒಂದೇ ಸಲ ಆಗಿದ್ದರೆ ಒಳ್ಳೆಯದು, ಅಲ್ಲಿಗೇ ನಿಲ್ಲಬೇಕು.

ಅವರ ಅಸಮಾಧಾನದಲ್ಲಿ ನ್ಯಾಯವಾದ ಒಂದು ಮಾತೂ ಇತ್ತು. ಹತ್ತನೇ ತರಗತಿಯಿಂದ 4 ಮಂದಿ ಮಾತ್ರ ಬಂದಿದ್ದರು. 240ರಲ್ಲಿ 70 ಮಂದಿ ಹತ್ತನೆಯವರು, 24ರಲ್ಲಿ ಅವರ ಪಾಲು 7 ಆಗಬೇಕು. ಯಾದೃಚ್ಛಿಕ ಎಂದ ಮೇಲೆ ಒಮ್ಮೆ 4, ಒಮ್ಮೆ 10 ಬರುವುದು ಸಹಜ, ಅದು ದೋಷವಲ್ಲ. ಆದರೆ ತರಗತಿವಾರು ಲೆಕ್ಕ ಬೇಕಿದ್ದರೆ ಮೂರು ತರಗತಿಗಳನ್ನು ಮೂರು ಬೇರೆ ಸಾಲುಗಳಾಗಿ ನಿಲ್ಲಿಸಬೇಕು. ನಮ್ಮ ಹಾಳೆಯಲ್ಲಿ ಎಂಟನೆಯವರು 2ರಿಂದ 91, ಒಂಬತ್ತನೆಯವರು 92ರಿಂದ 171, ಹತ್ತನೆಯವರು 172ರಿಂದ 241ನೇ ಸಾಲಿನಲ್ಲಿದ್ದರು. RANK ಗುಂಪನ್ನು ಅಷ್ಟಷ್ಟಕ್ಕೆ ಕಟ್ಟಿದರೆ ಸಾಕು. E2, E92, E172ರಲ್ಲಿ ಕ್ರಮವಾಗಿ:

```
=RANK(D2,$D$2:$D$91)
=RANK(D92,$D$92:$D$171)
=RANK(D172,$D$172:$D$241)
```

ಒಂದೊಂದನ್ನೂ ಅದರ ತರಗತಿಯ ಕೊನೆಯವರೆಗೆ ಮಾತ್ರ ಎಳೆದು, ಎಂಟರಲ್ಲಿ ಮೊದಲ 9, ಒಂಬತ್ತರಲ್ಲಿ 8, ಹತ್ತರಲ್ಲಿ 7 ಮಂದಿಯನ್ನು ತೆಗೆದುಕೊಂಡೆವು. ಈಗ 1ನೇ ಸರದಿಯವರು ಮೂವರಿರುವುದರಿಂದ ಹೆಸರು ಹುಡುಕುವ ಸೂತ್ರದ ಎರಡೂ ವ್ಯಾಪ್ತಿಗಳನ್ನು ತರಗತಿಗೆ ತಕ್ಕಂತೆ ಮೊಟಕು ಮಾಡಿಕೊಳ್ಳಬೇಕು. ಇಲ್ಲದಿದ್ದರೆ MATCH ಮೂರು ಸಲವೂ ಎಂಟನೆಯವರನ್ನೇ ತಂದುಕೊಡುತ್ತದೆ. ಇದೂ ಮತ್ತೊಮ್ಮೆ ಒತ್ತಿದಂತೆಯೇ ಅಲ್ಲವೇ ಎಂದು ಕೇಳಬಹುದು. ನಿಜ, ಆಗಲೇ ಬಂದ ಪಟ್ಟಿಯನ್ನು ನೋಡಿ ನಿಯಮ ಬದಲಿಸಿದ್ದು ತಪ್ಪೇ. ತರಗತಿವಾರು ಬೇಕೆಂಬುದನ್ನು ಮೊದಲೇ ಯೋಚಿಸಬೇಕಿತ್ತು. ಸಮೀಕ್ಷೆಯವರಿಗೆ ಹಾಗೆಯೇ ಬರೆದು ಕೊಟ್ಟೆ, ಹಳೆಯ ಪಟ್ಟಿಯನ್ನೂ ಜೊತೆಗಿಟ್ಟೆ.

ಹೊಸ ಎಕ್ಸೆಲ್‌ಗಳಲ್ಲಿ ಇದೇ ಕೆಲಸಕ್ಕೆ SORTBY, RANDARRAY ಎಂಬ ಹೊಸ ಸೂತ್ರಗಳಿವೆ, ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮ ಕಚೇರಿಯ ಕಂಪ್ಯೂಟರಿಗೆ ಅವು ಗೊತ್ತಿಲ್ಲ. RAND ಮತ್ತು RANK ಹಳೆಯ ಎಕ್ಸೆಲ್‌ನಲ್ಲೂ, ಲಿಬ್ರೆ ಆಫೀಸಿನಲ್ಲೂ, ಗೂಗಲ್ ಶೀಟ್ಸ್‌ನಲ್ಲೂ ಇವೆ. ತೀರಾ ಹಳೆಯದರ ವಿಷಯದಲ್ಲಿ ಒಂದು ಎಚ್ಚರಿಕೆ. ಎಕ್ಸೆಲ್ 2003 ಮೊದಲು ಬಿಡುಗಡೆಯಾದಾಗ ಅದರ RAND ಕೆಲವೊಮ್ಮೆ ಸೊನ್ನೆಗಿಂತ ಕಡಿಮೆಯ ಸಂಖ್ಯೆಯನ್ನೂ ಕೊಡುತ್ತಿತ್ತು, ಆಮೇಲೆ ತಿದ್ದಿದರು. 2010ರಿಂದ ಅದು ಮೆರ್ಸೆನ್ ಟ್ವಿಸ್ಟರ್ ಎಂಬ ಗಟ್ಟಿಯಾದ ವಿಧಾನವನ್ನು ಬಳಸುತ್ತಿದೆ. 24 ಮಕ್ಕಳನ್ನು ಆರಿಸಲು ಅದು ಬೇಕಾದ್ದಕ್ಕಿಂತ ಹೆಚ್ಚು.

ಓದಿಸುವ ದಿನ ಹತ್ತನೇ ತರಗತಿಯ 3ನೇ ಸರದಿಯ ಹುಡುಗ ಬಂದಿರಲಿಲ್ಲ. ಎಲ್ಲರಿಗೂ ಸರದಿ ಇರುವುದರಿಂದ ಇಂಥ ಕಡೆ ಮುಂದಿನವರನ್ನು ಕರೆಯುವುದು ಸುಲಭ. 7 ಮಂದಿ ಬೇಕಿದ್ದಲ್ಲಿ 8ನೇ ಸರದಿಯವಳು ಪಕ್ಕದ ಕೋಣೆಯಲ್ಲೇ ಇದ್ದಳು. ಸಮೀಕ್ಷೆಗೆ ಬಂದಿದ್ದ ಹಿರಿಯರು ಬೇಡ ಎಂದರು. ಶಾಲೆ ತಪ್ಪಿಸುವ ಮಕ್ಕಳ ಜಾಗಕ್ಕೆ ದಿನಾ ಬರುವ ಮಕ್ಕಳನ್ನು ಕೂರಿಸುತ್ತಾ ಹೋದರೆ ಕೊನೆಗೆ ನಾವು ಓದಿಸಿ ನೋಡಿದ್ದು ದಿನಾ ಬರುವವರನ್ನು ಮಾತ್ರ ಆಗುತ್ತದೆ, ನಾಲ್ಕು ದಿನ ಕಾಯೋಣ ಎಂದರು. ಹುಡುಗ ಅಪ್ಪನ ಜೊತೆ ಮೆಣಸಿನಕಾಯಿ ಬಿಡಿಸಲು ಹೋಗಿದ್ದನಂತೆ. ಗುರುವಾರ ಬಂದ. ಪುಟವನ್ನು ಕೈಯಲ್ಲಿ ಹಿಡಿದು, ಒಂದೊಂದು ಸಾಲಿಗೆ ಎರಡೆರಡು ಕಡೆ ನಿಂತು, ಒತ್ತಕ್ಷರ ಬಂದಾಗ ನನ್ನ ಮುಖ ನೋಡಿ, ಕೊನೆಯವರೆಗೂ ಓದಿದ. ಹಿರಿಯರು ಅವನ ಹೆಸರಿನ ಮುಂದೆ ನಿಮಿಷ, ತಪ್ಪು ಎರಡನ್ನೂ ಬರೆದುಕೊಂಡು ಪಟ್ಟಿ ಮಡಚಿದರು.